ಪಾಸು ಗೆರೆ 35 ಇದ್ದರೆ ಬಿನ್‌ನಲ್ಲಿ 34 ಬರೆಯಿರಿ

ಪ್ರಶ್ನೆ: ಕಾರವಾರದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಎಕ್ಸೆಲ್‌ನಲ್ಲಿ 25, 35, 45 ಅಂತ ಬಿನ್ ಕೊಟ್ಟು FREQUENCY ಹಾಕಿದೆ. ಸರಿಯಾಗಿ 35 ಬಂದ ಮಕ್ಕಳೆಲ್ಲ ಫೇಲಾದವರ ಗುಂಪಿಗೆ ಹೋಗ್ತಿದ್ದಾರೆ. ಎಲ್ಲಿ ತಪ್ಪಾಗ್ತಿದೆ? ಹಿಸ್ಟೋಗ್ರಾಂ ಹೇಗೆ ಹಾಕಲಿ?

ಬಿನ್‌ನಲ್ಲಿ 35 ಅಂತ ಬರೆದರೆ ಎಕ್ಸೆಲ್ ಅದನ್ನು "35ರ ತನಕ, 35 ಸೇರಿ" ಎಂದು ಓದುತ್ತದೆ. ನಾವು ಪಾಠದಲ್ಲಿ ಹೇಳುವುದು ಇದಕ್ಕೆ ಉಲ್ಟಾ. 25-35, 35-45 ಎಂದು ವರ್ಗಾಂತರ ಬರೆಸಿ, 35 ಬಂದವನನ್ನು ಮುಂದಿನ ಗುಂಪಿಗೆ ಸೇರಿಸಿ ಎನ್ನುತ್ತೇವೆ. ನಿಮ್ಮ ತೊಂದರೆ ಇಷ್ಟೇ. ಬಿನ್‌ನಲ್ಲಿ ಗೆರೆಗಿಂತ ಒಂದು ಕಡಿಮೆ, ಅಂದರೆ 34 ಬರೆಯಿರಿ. ಗೆರೆ 33 ಇದ್ದರೆ 32.

ನಾನು ಶಿರಸಿ ಕಡೆ 9ನೇ ತರಗತಿಗೆ ಗಣಿತ ತೆಗೆದುಕೊಳ್ಳುತ್ತೇನೆ. ನಮ್ಮ ಒಂದು ತರಗತಿಯ 40 ಮಕ್ಕಳ ಅಂಕಪಟ್ಟಿಯನ್ನೇ ಇಟ್ಟುಕೊಂಡು ತೋರಿಸುತ್ತೇನೆ. 100 ಅಂಕದ ಪರೀಕ್ಷೆ, ಪಾಸಿಗೆ 35. ಅಂಕಗಳು B2ರಿಂದ B41ರವರೆಗೆ ಇವೆ. ಫೇಲಾದವರು 6 ಮಂದಿ: 12, 18, 21, 24, 27, 29. ಸರಿಯಾಗಿ 35 ಬಂದವರು 4 ಮಂದಿ. ನಿಮ್ಮ ಹಾಗೆ 5, 15, 25, 35 ಎಂದು ಬಿನ್ ಕೊಟ್ಟರೆ 35ರ ತನಕದ ಗುಂಪುಗಳಲ್ಲಿ ಒಟ್ಟು 10 ಮಂದಿ ಸಿಗುತ್ತಾರೆ. ಆ ನಾಲ್ವರು ಪಾಸಾಗಿಯೂ ಈಚೆಗೆ ಬಿದ್ದರು, ನೋಡಿ.

ಈಗ D2ರಿಂದ D11ರ ತನಕ 4, 14, 24, 34, 44 ಹೀಗೆ 94ರವರೆಗೆ ಬರೆಯಿರಿ. ಪಕ್ಕದ E2ರಲ್ಲಿ ಇದನ್ನು ಹಾಕಿ:

```
=FREQUENCY(B2:B41,D2:D11)
```

ಹೊಸ ಎಕ್ಸೆಲ್‌ನಲ್ಲಿ ಉತ್ತರ ತಾನಾಗಿ ಕೆಳಗೆ ಇಳಿಯುತ್ತದೆ. ಹಳೆಯದಾದರೆ ಮೊದಲು E2ರಿಂದ E12 ಆರಿಸಿಕೊಂಡು, ಸೂತ್ರ ಬರೆದು, Ctrl+Shift+Enter ಒತ್ತಬೇಕು. ಬಿನ್ 10 ಇದ್ದರೂ ಉತ್ತರ 11 ಸಾಲು ಬರುತ್ತದೆ. ಕೊನೆಯದು 94ಕ್ಕಿಂತ ಜಾಸ್ತಿ ಬಂದವರ ಲೆಕ್ಕ. ನಮ್ಮ ಪಟ್ಟಿಗೆ ಮೇಲಿಂದ ಕೆಳಗೆ 0, 1, 3, 2, 13, 7, 5, 5, 2, 2, 0 ಬಂತು. ಮೊದಲ ನಾಲ್ಕು ಕೂಡಿಸಿದರೆ 6. ಫೇಲಾದವರ ಲೆಕ್ಕ ತಾಳೆಯಾಯಿತು.

ಲೆಕ್ಕ ಸರಿ ಹೋಯಿತು ಎಂದು ಇಲ್ಲಿಗೇ ಬಿಡಬೇಡಿ. ಆ 13 ಇದೆಯಲ್ಲ, 35ರಿಂದ 44ರ ಗುಂಪು, ಅದನ್ನು ಬಿಡಿಸಿ ನೋಡಬೇಕು. ಬಿನ್ ಅಗಲವನ್ನು 5ಕ್ಕೆ ಇಳಿಸಿ 24, 29, 34, 39, 44 ಎಂದು ಕೊಟ್ಟು ನೋಡಿದೆ. 25-29ರಲ್ಲಿ 2, 30-34ರಲ್ಲಿ ಸೊನ್ನೆ, 35-39ರಲ್ಲಿ 9, 40-44ರಲ್ಲಿ 4. ಗೆರೆಯ ಕೆಳಗೆ ಒಬ್ಬರೂ ಇಲ್ಲ, ಗೆರೆ ದಾಟಿದ ಕೂಡಲೇ ಒಂಬತ್ತು ಮಂದಿ. ಮಕ್ಕಳ ಕಲಿಕೆ ಹೀಗೆ ಒಂದು ಅಂಕಕ್ಕೆ ಕಡಿದ ಹಾಗೆ ಇರುವುದಿಲ್ಲ. 32, 33 ಬಂದ ಪತ್ರಿಕೆಯನ್ನು ಮೌಲ್ಯಮಾಪನ ಮಾಡುವವರು ಇನ್ನೊಮ್ಮೆ ತಿರುಗಿಸಿ ನೋಡುತ್ತಾರೆ. ಲೆಕ್ಕದ ಒಂದು ಹಂತಕ್ಕೆ ಒಂದು ಅಂಕ, ಚಿತ್ರಕ್ಕೆ ಇನ್ನೊಂದು ಸಿಗುತ್ತದೆ. ಅದು ಮಗುವಿನ ಮೇಲಿನ ಕಾಳಜಿ, ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಆ ಒಂಬತ್ತರಲ್ಲಿ ಕೆಲವರು ಗೆರೆಯ ಕೆಳಗಿನವರಷ್ಟೇ ಕಷ್ಟದಲ್ಲಿದ್ದಾರೆ ಎನ್ನುವುದನ್ನು ಮರೆಯಬಾರದು. ಹಾಗಾಗಿ ಸಂಜೆಯ ವಿಶೇಷ ತರಗತಿಗೆ ನಾನು 6 ಮಂದಿಯನ್ನಲ್ಲ, 15 ಮಂದಿಯನ್ನು ಕರೆಯುತ್ತೇನೆ. ನಮ್ಮಲ್ಲಿ ಹಳ್ಳಿ ಬಸ್ಸು ತಪ್ಪಿದರೆ ಮಗು ಮನೆಗೆ ಹೋಗುವುದೇ ಕಷ್ಟ. ಯಾರನ್ನು ಉಳಿಸಿಕೊಳ್ಳಬೇಕು ಎನ್ನುವುದು ಮೊದಲೇ ಸರಿಯಾಗಿ ಗೊತ್ತಿರಬೇಕು.

ಅದೇ ಪಟ್ಟಿಗೆ 10, 20, 30, 40 ಎಂದು ಬಿನ್ ಕೊಟ್ಟಿದ್ದರೆ 31-40ರಲ್ಲಿ 9, 41-50ರಲ್ಲಿ 8, 51-60ರಲ್ಲಿ 6 ಬರುತ್ತಿತ್ತು. ನೋಡಲು ಚಂದದ ಇಳಿಜಾರು. 30-34ರ ಖಾಲಿ ಜಾಗ ಅದರಲ್ಲಿ ಕಾಣುವುದೇ ಇಲ್ಲ. ಹಾಗಂತ ಅಗಲವನ್ನು 2ಕ್ಕೆ ಇಳಿಸಲೂ ಹೋಗಬೇಡಿ. 40 ಮಕ್ಕಳಿಗೆ ಅಷ್ಟು ಗುಂಪು ಮಾಡಿದರೆ ಒಂದು, ಸೊನ್ನೆ, ಎರಡು ಎಂದು ಹಲ್ಲುಹಲ್ಲಾಗಿ ಕಾಣುತ್ತದೆ, ಏನೂ ಹೇಳಲಿಕ್ಕೆ ಬರುವುದಿಲ್ಲ. ಒಂದು ತರಗತಿಗೆ ಸಾಮಾನ್ಯವಾಗಿ 10ರ ಅಗಲ ಸಾಕು, ಗೆರೆಯ ಹತ್ತಿರ ಅನುಮಾನ ಬಂದರೆ 5.

ಹಿಸ್ಟೋಗ್ರಾಂಗೆ E ಕಾಲಂ ಆರಿಸಿ ಸಾಮಾನ್ಯ ಕಾಲಂ ಚಾರ್ಟ್ ಹಾಕಿ. ಕಂಬದ ಮೇಲೆ ರೈಟ್ ಕ್ಲಿಕ್ ಮಾಡಿ, Format Data Series ಒಳಗೆ Gap Width ಅನ್ನು 0% ಮಾಡಿ. ಕಂಬಗಳು ಅಂಟಿಕೊಳ್ಳುತ್ತವೆ. ಎಲ್ಲಾ ಗುಂಪಿನ ಅಗಲ ಒಂದೇ ಆಗಿರಬೇಕು. ನಮ್ಮ ಪಟ್ಟಿಯಲ್ಲಿ ಮೊದಲ 0-4 ಮತ್ತು ಕೊನೆಯ 95-100 ಸಣ್ಣವು, ಆದರೆ ಎರಡೂ ಖಾಲಿ, ಹಾಗಾಗಿ ಬಿಟ್ಟರೂ ನಡೆಯುತ್ತದೆ. ಕೆಳಗೆ ಬರೆಯುವ ಹೆಸರುಗಳ ಬಗ್ಗೆ ಮಾತ್ರ ಹುಷಾರು. 5-9 ಎಂದು ಟೈಪ್ ಮಾಡಿದರೆ ಎಕ್ಸೆಲ್ ಅದನ್ನು ತಾರೀಕು ಮಾಡಿಬಿಡುತ್ತದೆ. ಮುಂದೆ ಒಂದು ' ಹಾಕಿ ಬರೆಯಿರಿ.

2016 ಮತ್ತು ಅದರ ನಂತರದ ಎಕ್ಸೆಲ್‌ನಲ್ಲಿ ಹಿಸ್ಟೋಗ್ರಾಂ ಚಾರ್ಟ್ ಬೇರೆಯಾಗಿಯೇ ಇದೆ. ಅದು ನಿಮ್ಮ ಪಟ್ಟಿಯ ಅತಿ ಕಡಿಮೆ ಅಂಕದಿಂದ ಎಣಿಕೆ ಶುರು ಮಾಡುತ್ತದೆ. ನಮ್ಮದಕ್ಕೆ 10ರ ಅಗಲ ಕೊಟ್ಟರೆ 12-22, 22-32, 32-42 ಎಂದು ಬರುತ್ತದೆ, 35 ಮಧ್ಯದಲ್ಲೆಲ್ಲೋ ಮುಳುಗುತ್ತದೆ. Format Axis ಒಳಗೆ Bin width 10, Underflow bin 34 ಎಂದು ಕೊಟ್ಟರೆ ಗೆರೆ ಸರಿಯಾಗಿ ಕೂರುತ್ತದೆ. ಆದರೆ ಫೇಲಾದ ಆರೂ ಮಂದಿ ಒಂದೇ ಕಂಬಕ್ಕೆ ಹೋಗುತ್ತಾರೆ. 12 ಬಂದವನಿಗೂ 29 ಬಂದವನಿಗೂ ಬೇಕಾದ ಪಾಠ ಒಂದೇ ಅಲ್ಲ, ಅಲ್ವಾ? ಅದಕ್ಕೇ ನನಗೆ FREQUENCY ದಾರಿಯೇ ಇಷ್ಟ.

ಇನ್ನೊಂದು ವಿಷಯ. E ಕಾಲಂನ ಮೊತ್ತವನ್ನು ಮಕ್ಕಳ ಸಂಖ್ಯೆಗೆ ತಾಳೆ ಹಾಕಿ. 40ರ ಬದಲು 38 ಬಂದರೆ ಎರಡು ಅಂಕ ಪಠ್ಯವಾಗಿ ಕೂತಿರಬಹುದು. ಬೇರೆ ಕಡೆಯಿಂದ ಕಾಪಿ ಮಾಡಿ ತಂದ ಅಂಕದಲ್ಲಿ ಇದು ಜಾಸ್ತಿ. ಅವು ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತವೆ, FREQUENCY ಅವನ್ನು ಎಣಿಸುವುದಿಲ್ಲ. ಗೈರುಹಾಜರಾದವರಿಗೆ AB ಎಂದು ಬರೆದರೂ ಎಣಿಸುವುದಿಲ್ಲ, ಅದು ಸರಿಯೇ. ಅವರಿಗೆ 0 ಹಾಕಿದರೆ ಮಾತ್ರ ಮೊದಲ ಕಂಬ ಸುಮ್ನೆ ಏಳುತ್ತದೆ.

ನಿಮ್ಮಲ್ಲಿ ಅರ್ಧ ಅಂಕ ಕೊಡುವ ರೂಢಿ ಇದ್ದರೆ 34ರ ಉಪಾಯ ಸಾಲದು. 34.5 ಬಂದವನು 34ಕ್ಕಿಂತ ಜಾಸ್ತಿ, ಹಾಗಾಗಿ ಪಾಸಾದವರ ಜೊತೆ ಸೇರುತ್ತಾನೆ. ಆಗ G ಕಾಲಂನಲ್ಲಿ 5, 15, 25, 35 ಎಂದು ಗುಂಪಿನ ಕೆಳಗಿನ ಅಂಕಗಳನ್ನೇ ಬರೆದು, ಪಕ್ಕದಲ್ಲಿ ಇದನ್ನು ಹಾಕಿ ಕೆಳಕ್ಕೆ ಎಳೆಯಿರಿ:

```
=COUNTIFS(B$2:B$41,">="&G2,B$2:B$41,"<"&G3)
```

ಇದು ನಾವು ಬೋರ್ಡಿನ ಮೇಲೆ ಹೇಳಿಕೊಡುವ ಕ್ರಮದಲ್ಲೇ ಎಣಿಸುತ್ತದೆ: 35 ಸೇರಿ, 45 ಬಿಟ್ಟು. 5ಕ್ಕಿಂತ ಕಡಿಮೆ ಬಂದವರಿದ್ದರೆ G ಕಾಲಂ ಅನ್ನು ‑5ರಿಂದ ಶುರು ಮಾಡಿ. ಕೊನೆಯಲ್ಲಿ 95, 105 ಎರಡನ್ನೂ ಬರೆಯಿರಿ, ಇಲ್ಲದಿದ್ದರೆ 95ರ ಮೇಲಿನವರು ಲೆಕ್ಕದಿಂದ ಹೊರಗೆ ಉಳಿಯುತ್ತಾರೆ.