ಫೋನಲ್ಲಿ ಒಂದು ಉತ್ತರ, ಆನ್‌ಲೈನಲ್ಲಿ ಇನ್ನೊಂದು: ಯಾವುದನ್ನು ನಂಬುವುದು?

ಪ್ರಶ್ನೆ: "ಎರಡು ವರ್ಷದ ಹಿಂದೆ ನಾವು ಫೋನ್ ಮಾಡಿ ಕುಡಿತದ ಬಗ್ಗೆ ಸರ್ವೆ ಮಾಡಿದ್ದೆವು. ಈ ಸಲ ಅದೇ ಪ್ರಶ್ನೆಗಳನ್ನು ಆನ್‌ಲೈನ್ ಫಾರ್ಮಿನಲ್ಲಿ ಕೇಳಿದೆವು. ಕುಡಿಯುತ್ತೇನೆ ಅಂದವರು ಹೆಚ್ಚುಕಡಿಮೆ ಎರಡು ಪಟ್ಟು ಆಗಿದ್ದಾರೆ. ಕುಡಿತ ನಿಜವಾಗಿ ಅಷ್ಟು ಜಾಸ್ತಿ ಆಯ್ತಾ, ಇಲ್ಲಾ ಕೇಳಿದ ರೀತಿ ಬದಲಾಗಿದ್ದಕ್ಕೆ ಹೀಗಾ? ಮನೆಗೇ ಹೋಗಿ ಕೇಳಿದ್ದರೆ ಏನು ಬರುತ್ತಿತ್ತು?"

ಈ ಎರಡು ಅಂಕಿಗಳನ್ನು ಮಾತ್ರ ಇಟ್ಟುಕೊಂಡು ಕುಡಿತ ಜಾಸ್ತಿ ಆಗಿದೆ ಎಂದು ಹೇಳಲು ಬರುವುದಿಲ್ಲ. ಕೇಳುವ ರೀತಿ ಬದಲಾದರೆ ಸಾಕು, ಇಂಥ ವಿಷಯದಲ್ಲಿ ಅಂಕಿ ದೊಡ್ಡದಾಗಿಯೇ ಬದಲಾಗಬಹುದು. ಆದರೆ ನಿಮ್ಮ ಹತ್ತಿರ ಇರುವ ಮಾಹಿತಿಯಲ್ಲೇ ಒಂದಿಷ್ಟು ಸುಳಿವು ಸಿಗುತ್ತದೆ. ಅದನ್ನು ಹುಡುಕುವುದು ಹೇಗೆ ಎಂದು ಹೇಳುವ ಮೊದಲು, ಉತ್ತರ ಯಾಕೆ ಬದಲಾಗುತ್ತದೆ ಎಂಬುದನ್ನು ನೋಡೋಣ.

ನಾನು ಕೆಲವು ವರ್ಷ ಫೋನಲ್ಲಿ ಸಂದರ್ಶನ ಮಾಡುವ ಕೆಲಸ ಮಾಡಿದ್ದೇನೆ. ಆಮೇಲೆ ಬೇರೆಯವರು ಮಾಡಿದ ಕರೆಗಳ ರೆಕಾರ್ಡಿಂಗ್ ಕೇಳಿ ತಿದ್ದುವ ಕೆಲಸ ಬಂತು. ಒಂದು ಸಂಗತಿ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. "ನಿಮ್ಮ ಮನೆಯಲ್ಲಿ ಎಷ್ಟು ಜನ ಇದ್ದೀರಿ" ಎಂದು ಕೇಳಿದರೆ ಜನ ಒಂದು ಕ್ಷಣ ತಡೆದು, ಎಣಿಸಿ ಹೇಳುತ್ತಿದ್ದರು. "ಕಳೆದ 30 ದಿನಗಳಲ್ಲಿ ನೀವು ಮದ್ಯ..." ಎನ್ನುವಷ್ಟರಲ್ಲೇ "ಇಲ್ಲ" ಬರುತ್ತಿತ್ತು. ಪ್ರಶ್ನೆ ಇನ್ನೂ ಮುಗಿದಿರುತ್ತಿರಲಿಲ್ಲ. ಆ "ಇಲ್ಲ" ಹೇಳಿದವರೆಲ್ಲ ಸುಳ್ಳು ಹೇಳಿದರು ಎಂದು ನಾನು ಅಂದುಕೊಂಡಿಲ್ಲ. ಎಷ್ಟೋ ಜನ ಕುಡಿಯದವರೇ ಇದ್ದಾರೆ. ಆದರೆ ನೆನಪು ಮಾಡಿಕೊಂಡು ಕೊಡುವ ಉತ್ತರಕ್ಕೂ ಮಾತು ಮುಗಿಸಲು ಕೊಡುವ ಉತ್ತರಕ್ಕೂ ಕಿವಿಗೇ ಗೊತ್ತಾಗುವಷ್ಟು ವ್ಯತ್ಯಾಸ ಇತ್ತು.

ಇನ್ನೊಬ್ಬ ಮನುಷ್ಯ ಕೇಳಿಸಿಕೊಳ್ಳುತ್ತಿದ್ದಾನೆ ಎಂಬುದೇ ಇಲ್ಲಿ ದೊಡ್ಡ ಕಾರಣ. ಆ ಮನುಷ್ಯ ಅಪರಿಚಿತ, ಮತ್ತೆಂದೂ ಸಿಗುವುದಿಲ್ಲ. ಆದರೂ ಅವನ ಕಣ್ಣಲ್ಲಿ ಸಣ್ಣವರಾಗಲು ಯಾರಿಗೂ ಇಷ್ಟ ಇರುವುದಿಲ್ಲ. ಫಾರ್ಮ್ ತುಂಬುವಾಗ ಆ ಕಿವಿ ಇರುವುದಿಲ್ಲ.

ಇದು ಬರೀ ಊಹೆ ಅಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳ ಮೇಲೆ ಮಾಡಿದ ಒಂದು ಪ್ರಯೋಗ ಇದೆ. ಕ್ರಾಯ್ಟರ್, ಪ್ರೆಸ್ಸರ್, ಟೂರಾಂಜೊ ಎಂಬ ಮೂವರು ಅದನ್ನು 2008ರಲ್ಲಿ ಪ್ರಕಟಿಸಿದರು. ಅವರು ಮೊದಲು ಎಲ್ಲರಿಗೂ ಫೋನ್ ಮಾಡಿ ಮಾತಾಡಿಸಿದರು. ಆಮೇಲೆ ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮನುಷ್ಯರೇ ಫೋನಲ್ಲಿ ಕೇಳಿದರು. ಇನ್ನೊಂದಕ್ಕೆ ಫೋನಲ್ಲಿ ರೆಕಾರ್ಡ್ ಮಾಡಿದ ದನಿ ಕೇಳಿತು. ಮೂರನೆಯ ಗುಂಪು ವೆಬ್ ಫಾರ್ಮ್ ತುಂಬಿತು. ಫೇಲ್ ಆಗಿದ್ದಿರಾ, ಅರ್ಧದಲ್ಲೇ ಕೋರ್ಸ್ ಬಿಟ್ಟಿದ್ದಿರಾ, ಕಾಲೇಜಿಗೆ ದೇಣಿಗೆ ಕೊಟ್ಟಿದ್ದೀರಾ, ಇಂಥ ಪ್ರಶ್ನೆಗಳು. ಇದರ ಬೆಲೆ ಇರುವುದು ಇಲ್ಲೇ: ಪ್ರತಿಯೊಬ್ಬರ ನಿಜವಾದ ದಾಖಲೆ ವಿಶ್ವವಿದ್ಯಾಲಯದಲ್ಲೇ ಇತ್ತು. ಹಾಗಾಗಿ ಹೇಳಿದ್ದನ್ನು ನಿಜದ ಪಕ್ಕದಲ್ಲಿ ಇಟ್ಟು ನೋಡಬಹುದಿತ್ತು. ಮುಜುಗರದ ವಿಷಯಗಳನ್ನು ವೆಬ್‌ನಲ್ಲಿ ಜನ ಜಾಸ್ತಿ ಒಪ್ಪಿಕೊಂಡರು, ಮತ್ತು ಅವರು ಹೇಳಿದ್ದು ದಾಖಲೆಗೆ ಹತ್ತಿರ ಇತ್ತು. ಮನುಷ್ಯರು ಫೋನಲ್ಲಿ ಕೇಳಿದಾಗ ಮುಚ್ಚಿಟ್ಟಿದ್ದು ಜಾಸ್ತಿ. ರೆಕಾರ್ಡ್ ಮಾಡಿದ ದನಿ ಇವೆರಡರ ನಡುವೆ ನಿಂತಿತು. ಫೋನ್ ಎಂಬ ವಸ್ತುವಿಗಿಂತ ಆಚೆ ಕಡೆ ಯಾರಿದ್ದಾರೆ ಎಂಬುದು ಮುಖ್ಯ ಎಂದು ನನಗೆ ಮನವರಿಕೆ ಆಗಿದ್ದು ಈ ನಡುವಿನ ಗುಂಪಿನಿಂದ.

ಕುಡಿತ, ಫೇಲ್ ಆದದ್ದು ಇಂಥವಕ್ಕೆ ಮಾತ್ರ ಹೀಗೆ ಅಂದುಕೊಳ್ಳಬೇಡಿ. ಪ್ಯೂ ಸಂಶೋಧನಾ ಸಂಸ್ಥೆ 2014ರಲ್ಲಿ ಅಮೆರಿಕದ ಸುಮಾರು 3,000 ಜನರನ್ನು ಹೀಗೇ ಎರಡು ಗುಂಪು ಮಾಡಿ, 60 ಪ್ರಶ್ನೆಗಳನ್ನು ಫೋನಲ್ಲೂ ವೆಬ್‌ನಲ್ಲೂ ಕೇಳಿತು. ಮನೆಯ ಬಾಳು ತುಂಬಾ ತೃಪ್ತಿ ಕೊಟ್ಟಿದೆ ಎಂದವರು ಫೋನಲ್ಲಿ ಶೇ. 62, ವೆಬ್‌ನಲ್ಲಿ ಶೇ. 44. ಒಬ್ಬ ಅಪರಿಚಿತರ ಮುಂದೆ "ಮನೆಯಲ್ಲಿ ಎಲ್ಲ ಅಷ್ಟಕ್ಕಷ್ಟೇ" ಎಂದು ಬಾಯಿಬಿಟ್ಟು ಹೇಳುವುದು ಕಷ್ಟ ಅಲ್ವಾ? ಎಲ್ಲ 60 ಪ್ರಶ್ನೆಗಳನ್ನೂ ಸೇರಿಸಿದರೆ ಸರಾಸರಿ ವ್ಯತ್ಯಾಸ 5.5 ಶೇಕಡಾ ಅಂಶ ಅಷ್ಟೇ. ಎಷ್ಟೋ ಪ್ರಶ್ನೆಗಳು ಅಲುಗಲೇ ಇಲ್ಲ. ಅಲುಗಿದವು ಹೆಚ್ಚಾಗಿ ಮಾನ, ಮುಜುಗರಕ್ಕೆ ತಾಗುವ ಪ್ರಶ್ನೆಗಳು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಮನೆಗೆ ಹೋಗಿ ಕೇಳುವ ಮಾತು. ಎದುರಿಗೇ ಕೂತರೆ ಜನ ಇನ್ನೂ ಮುಚ್ಚಿಡುತ್ತಾರೆ ಎಂದು ನಾನೂ ಮೊದಲು ನಂಬಿದ್ದೆ. ಅದು ಅಷ್ಟು ಸರಳ ಇಲ್ಲ. ಹೋಲ್‌ಬ್ರೂಕ್ ಮತ್ತು ಸಂಗಡಿಗರು 2003ರಲ್ಲಿ ಉದ್ದದ ಸಂದರ್ಶನಗಳನ್ನು ಹೋಲಿಸಿ ನೋಡಿದಾಗ, ಫೋನಲ್ಲಿ ಮಾತಾಡಿದವರೇ ಜಾಸ್ತಿ ಅನುಮಾನ ಪಟ್ಟಿದ್ದರು, ತಮ್ಮನ್ನು ಒಳ್ಳೆಯವರಾಗಿ ತೋರಿಸಿಕೊಳ್ಳುವುದೂ ಫೋನಲ್ಲೇ ಜಾಸ್ತಿ ಕಂಡಿತ್ತು. ಕಾರಣ ಊಹಿಸಬಹುದು. ಎದುರಿಗೆ ಬಂದವರ ಮುಖ ಕಾಣುತ್ತದೆ, ಗುರುತಿನ ಚೀಟಿ ಕಾಣುತ್ತದೆ, ಒಂದು ಗಂಟೆ ಕೂತರೆ ಸ್ವಲ್ಪ ನಂಬಿಕೆ ಹುಟ್ಟುತ್ತದೆ. ಫೋನಲ್ಲಿ ಬರೀ ದನಿ. ಆ ದನಿ ಯಾರದು, ಉತ್ತರ ಎಲ್ಲಿಗೆ ಹೋಗುತ್ತದೆ, ಗೊತ್ತಾಗುವುದಿಲ್ಲ. ಎಲ್ಲ ಅಧ್ಯಯನಗಳೂ ಒಂದೇ ದಿಕ್ಕಿಗೆ ತೋರಿಸುವುದಿಲ್ಲ, ಆದ್ದರಿಂದ ಈ ಎರಡರಲ್ಲಿ ಯಾವುದು ಮೇಲು ಎಂದು ನಾನು ಖಡಾಖಂಡಿತ ಹೇಳುವುದಿಲ್ಲ.

ಮನೆಗೆ ಹೋದಾಗ ಇನ್ನೊಂದು ತೊಡಕು ಇದೆ. ಕೋಣೆಯಲ್ಲಿ ಬೇರೆಯವರು ಇರುತ್ತಾರೆ. ಮಗ ಕುಡಿಯುತ್ತಾನೆಂದು ಅಮ್ಮನಿಗೆ ಗೊತ್ತಿಲ್ಲ, ಅಮ್ಮ ಪಕ್ಕದಲ್ಲೇ ಕೂತಿದ್ದಾರೆ. ಆಗ ಪ್ರಶ್ನೆ ಕೇಳಿದವರಿಗಿಂತ ಅಮ್ಮನ ಭಯವೇ ದೊಡ್ಡದು. ಇದಕ್ಕೆ ಹುಡುಕಿದ ಉಪಾಯ ಎಂದರೆ, ಮುಜುಗರದ ಭಾಗ ಬಂದಾಗ ಲ್ಯಾಪ್‌ಟಾಪ್ ಅಥವಾ ಟ್ಯಾಬನ್ನು ಅವರ ಕೈಗೇ ಕೊಡುವುದು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪ್ರಶ್ನೆ ಕೇಳಿಸಿಕೊಂಡು ಅವರೇ ಒತ್ತುತ್ತಾರೆ. ಓದಲು ಬಾರದವರಿಗೂ ಆಗುತ್ತದೆ. ಅಮೆರಿಕದಲ್ಲಿ 1995ರಲ್ಲಿ 15ರಿಂದ 19 ವಯಸ್ಸಿನ ಹುಡುಗರಿಗೆ ಇದನ್ನು ಮಾಡಿ ನೋಡಿದರು. ಇನ್ನೊಬ್ಬ ಗಂಡಿನ ಜೊತೆ ಲೈಂಗಿಕ ಸಂಪರ್ಕ ಆಗಿತ್ತಾ ಎಂಬ ಪ್ರಶ್ನೆಗೆ ಹೆಡ್‌ಫೋನ್ ಹಾಕಿಕೊಂಡವರಲ್ಲಿ ಶೇ. 5.5 ಹೌದು ಎಂದರು. ಕಾಗದದ ಫಾರ್ಮ್ ತುಂಬಿದವರಲ್ಲಿ ಶೇ. 1.5 ಮಾತ್ರ. ಕಾಗದವನ್ನೂ ಹುಡುಗರೇ ತುಂಬಿದ್ದರು, ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಆದರೂ ಇಷ್ಟು ಅಂತರ. ಗುರುತು ಹಾಕಿದ ಕಾಗದ ಕಣ್ಣೆದುರೇ ಇರುತ್ತದೆ, ಅದನ್ನು ಎದುರಿಗೆ ಕೂತವರ ಕೈಗೇ ವಾಪಸ್ ಕೊಡಬೇಕು. ಪರದೆಯಲ್ಲಾದರೆ ಒತ್ತಿದ ಕೂಡಲೇ ಮುಂದಿನ ಪ್ರಶ್ನೆ ಬಂದು ಹಿಂದಿನದು ಮಾಯ. ಅಂತರಕ್ಕೆ ಇದೇ ಕಾರಣ ಎಂದು ನನ್ನ ಅನಿಸಿಕೆ.

ಹಾಗಾದರೆ ಆನ್‌ಲೈನ್ ಉತ್ತರವೇ ನಿಜ ಎಂದು ಹಿಡಿಯಬಹುದಾ? ಹಿಡಿಯಬೇಡಿ. ನಮ್ಮ ಕೆಲಸದಲ್ಲಿ "ಜಾಸ್ತಿ ಒಪ್ಪಿಕೊಂಡರೆ ಅದೇ ಸರಿ" ಎಂಬ ಒಂದು ರೂಢಿ ಇದೆ. ಕುಡಿತದಂಥ ಸಾಮಾನ್ಯ ವಿಷಯಕ್ಕೆ ಅದು ನಡೆಯುತ್ತದೆ. ಅಪರೂಪದ ವಿಷಯಕ್ಕೆ ಕೈಕೊಡುತ್ತದೆ. ಒಂದು ಲೆಕ್ಕ ಮಾಡಿ. 1000 ಜನರಲ್ಲಿ ನಿಜವಾಗಿ 10 ಜನ ಒಂದು ಮಾದಕ ವಸ್ತು ಬಳಸುತ್ತಾರೆ ಎಂದುಕೊಳ್ಳಿ. ಉಳಿದ 990 ಜನರಲ್ಲಿ ನೂರಕ್ಕೆ ಇಬ್ಬರು ಓದದೆ ಸುಮ್ನೆ "ಹೌದು" ಒತ್ತಿದರು ಎಂದುಕೊಳ್ಳಿ. ಅಲ್ಲಿಗೆ ಸುಮಾರು 20 ಸುಳ್ಳು "ಹೌದು". ಒಟ್ಟು 30. ನಿಜದ ಮೂರು ಪಟ್ಟು! ಫೋನಲ್ಲಿ ಹೀಗಾಗುವುದು ಕಡಿಮೆ, ಯಾಕೆಂದರೆ ಆಚೆ ಕಡೆಯವರು ಪ್ರಶ್ನೆ ಓದಿ ಹೇಳುತ್ತಾರೆ. ಇಂಥ ಒತ್ತುವಿಕೆ ಹಿಡಿಯಲು ಫಾರ್ಮ್ ತುಂಬಲು ತೆಗೆದುಕೊಂಡ ಸಮಯ ನೋಡಿ, ಮತ್ತು ಒಂದು ಪಟ್ಟಿಯ ಎಲ್ಲ ಪ್ರಶ್ನೆಗೂ ಒಂದೇ ಸಾಲಿನಲ್ಲಿ ಗುರುತು ಹಾಕಿದವರನ್ನು ನೋಡಿ.

ಇನ್ನು ನಿಮ್ಮ ಸರ್ವೆ. ಎರಡು ವರ್ಷದಲ್ಲಿ ಮೂರು ಸಂಗತಿ ಬದಲಾಗಿರಬಹುದು: ಕುಡಿತ, ಉತ್ತರ ಕೊಟ್ಟ ಜನ, ಕೇಳಿದ ರೀತಿ. ಮೊದಲು ಜನರನ್ನು ನೋಡಿ. ವಯಸ್ಸು, ಓದು, ಮನೆಯಲ್ಲಿ ಎಷ್ಟು ಜನ, ಕೆಲಸ ಇದೆಯೋ ಇಲ್ಲವೋ, ಇಂಥ ಯಾರಿಗೂ ನಾಚಿಕೆ ಇಲ್ಲದ ಪ್ರಶ್ನೆಗಳ ಉತ್ತರ ಎರಡೂ ಸಲ ಹೋಲಿಸಿ. ಅವೂ ಬದಲಾಗಿದ್ದರೆ ನಿಮ್ಮ ಆನ್‌ಲೈನ್ ಫಾರ್ಮ್ ಬೇರೆ ಥರದ ಜನರನ್ನು ತಲುಪಿದೆ. ಚಿಕ್ಕ ವಯಸ್ಸಿನ ಗಂಡಸರೇ ಜಾಸ್ತಿ ತುಂಬಿದ್ದರೆ, ಯಾರೂ ಹೆಚ್ಚು ಕುಡಿಯದೆಯೇ ಅಂಕಿ ಏರಬಹುದು. ಆಗ ಅದೇ ವಯಸ್ಸು, ಅದೇ ಓದು ಇರುವವರನ್ನು ಗುಂಪು ಗುಂಪಾಗಿ ಮಾಡಿ ಮತ್ತೆ ಹೋಲಿಸಬೇಕು.

ಅದಾದ ಮೇಲೆ ಹೊಗಳಿಕೆ ತರುವ ಪ್ರಶ್ನೆಗಳನ್ನು ನೋಡಿ. ದಿನಾ ವ್ಯಾಯಾಮ ಮಾಡುತ್ತೀರಾ, ಕಳೆದ ಚುನಾವಣೆಯಲ್ಲಿ ಮತ ಹಾಕಿದಿರಾ ಎಂಬಂಥವು ನಿಮ್ಮ ಪಟ್ಟಿಯಲ್ಲಿ ಇದ್ದರೆ ಅದೃಷ್ಟ. ಆನ್‌ಲೈನಲ್ಲಿ ಕುಡಿತ ಏರಿ, ಅದರ ಜೊತೆಗೇ ವ್ಯಾಯಾಮ, ಮತದಾನ ಇಳಿದಿದ್ದರೆ ಕೇಳಿದ ರೀತಿಯ ಮೇಲೆ ಅನುಮಾನ ಬಲವಾಗುತ್ತದೆ. ಕೆಟ್ಟದ್ದನ್ನು ಮುಚ್ಚಿಡುವ, ಒಳ್ಳೆಯದನ್ನು ಉಬ್ಬಿಸುವ ಒತ್ತಡ ಒಂದೇ ಏಟಿಗೆ ಕಡಿಮೆಯಾದ ಗುರುತು ಅದು. ಕುಡಿತ ಒಂದೇ ಏರಿ ಉಳಿದವೆಲ್ಲ ಇದ್ದಲ್ಲೇ ಇದ್ದರೆ, ನಿಜವಾದ ಏರಿಕೆಯೂ ಇರಬಹುದು ಎಂದು ನಾನು ಗಂಭೀರವಾಗಿ ಯೋಚಿಸುತ್ತೇನೆ.

ಗಟ್ಟಿಯಾಗಿ ತಿಳಿಯಬೇಕೆಂದರೆ ಒಂದೇ ದಾರಿ. ಈಗಲೇ ಒಂದು ಸಣ್ಣ ಗುಂಪನ್ನು ತೆಗೆದುಕೊಳ್ಳಿ. ಮೊದಲು ಎಲ್ಲರನ್ನೂ ಒಂದೇ ರೀತಿಯಲ್ಲಿ ಸಂಪರ್ಕಿಸಿ, ಉತ್ತರ ಕೊಡಲು ಒಪ್ಪಿಸಿ. ಒಪ್ಪಿದ ಮೇಲೆ ಅರ್ಧ ಜನರನ್ನು ಫೋನಿಗೆ, ಅರ್ಧ ಜನರನ್ನು ಫಾರ್ಮಿಗೆ ಹಂಚಿ. ಹಂಚುವುದು ನೀವು, ಆಯ್ಕೆ ಅವರಿಗೆ ಬಿಡಬೇಡಿ. ಬಿಟ್ಟರೆ ಮಾತಾಡಲು ಇಷ್ಟ ಇರುವವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ ಆಗಿ ಮತ್ತೆ ಜನವೇ ಬೇರೆ ಆಗುತ್ತಾರೆ. ಒಂದೊಂದು ಕಡೆ ಕೆಲವು ನೂರು ಜನ ಬೇಕು. ಐವತ್ತು ಜನರಲ್ಲಿ ಕಾಣುವ ಅಂತರ ಆಕಸ್ಮಿಕವೂ ಇರಬಹುದು. ಈ ಎರಡು ಗುಂಪುಗಳ ನಡುವಿನ ಅಂತರವೇ ಕೇಳುವ ರೀತಿಯ ಪಾಲು. ನಿಮ್ಮ ಎರಡು ವರ್ಷದ ಏರಿಕೆಯಿಂದ ಅದನ್ನು ಕಳೆದರೆ ಉಳಿಯುವುದನ್ನು ಕುಡಿತದ ಬದಲಾವಣೆ ಎಂದು ಮಾತಾಡಬಹುದು. ಅದೂ ಉತ್ತರ ಕೊಟ್ಟ ಜನ ಎರಡೂ ಸಲ ಒಂದೇ ಥರ ಇದ್ದಾರೆ ಎಂದಾದರೆ ಮಾತ್ರ.

ಫೋನನ್ನು ಬಿಡಲು ಆಗದಿದ್ದರೆ ಒಂದು ಸಣ್ಣ ತಿದ್ದುಪಡಿ ಮಾಡಿ. ಉತ್ತರಗಳಿಗೆ ನಂಬರ್ ಕೊಟ್ಟು, "ಮೂರು" ಎಂದಷ್ಟೇ ಹೇಳುವ ಹಾಗೆ ಪ್ರಶ್ನೆ ಕಟ್ಟಿ. ಪಕ್ಕದಲ್ಲಿ ಕೂತವರಿಗೆ ಏನೂ ತಿಳಿಯುವುದಿಲ್ಲ. ನಾವು ಹಾಗೆ ಬದಲಾಯಿಸಿದ ಮೇಲೆ, ಪ್ರಶ್ನೆ ಮುಗಿಯುವ ಮೊದಲೇ ಬರುತ್ತಿದ್ದ ಆ "ಇಲ್ಲ" ನನಗೆ ರೆಕಾರ್ಡಿಂಗ್‌ಗಳಲ್ಲಿ ಕಡಿಮೆ ಕೇಳಿಸತೊಡಗಿತು. ನಂಬರ್ ಹೇಳಬೇಕಾದರೆ ಎಲ್ಲ ಆಯ್ಕೆಗಳನ್ನೂ ಕೇಳಿಸಿಕೊಳ್ಳಲೇಬೇಕಲ್ಲ.