ರೆಸ್ಯೂಮ್‌ನಲ್ಲಿ ಒಂದು, ಲಿಂಕ್ಡ್‌ಇನ್‌ನಲ್ಲಿ ಇನ್ನೊಂದು

*ನಾನು ದಾವಣಗೆರೆ ನಿಟ್ಟುವಳ್ಳಿಯವಳು. ಬಿಸಿಎ ಮುಗಿಸಿ 2021ರ ಜುಲೈನಲ್ಲಿ ಬೆಂಗಳೂರಿನಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿದೆ. ಕೂತು ಕೆಲಸ ಮಾಡಿದ್ದು ಒಂದು ದೊಡ್ಡ ಕಂಪನಿಯಲ್ಲಿ. ಆಫರ್ ಲೆಟರ್, ಸಂಬಳ ಮಾತ್ರ ಏಜೆನ್ಸಿಯದು. ಅಮ್ಮನ ಆಪರೇಷನ್‌ ಅಂತ 2023ರ ನವೆಂಬರ್ ಕೊನೆಗೆ ಬಿಟ್ಟು ಊರಿಗೆ ಬಂದೆ. ಗ್ಯಾಪ್ ಕಾಣಬಾರದು, ಎಲ್ಲರೂ ಮೂರು ವರ್ಷ ಕೇಳ್ತಾರೆ ಎಂದು ಗೆಳತಿ ಹೇಳಿದ್ದಕ್ಕೆ ರೆಸ್ಯೂಮ್‌ನಲ್ಲಿ ದೊಡ್ಡ ಕಂಪನಿಯ ಹೆಸರು ಹಾಕಿ, 2024ರ ಮೇವರೆಗೆ ಇದ್ದೆ, ಸೀನಿಯರ್ ಟೆಸ್ಟ್ ಎಂಜಿನಿಯರ್ ಅಂತ ಬರೆದೆ. 2024ರ ಜೂನ್‌ನಿಂದ ಇಲ್ಲೇ ಸಣ್ಣ ಸಾಫ್ಟ್‌ವೇರ್ ಆಫೀಸಿನಲ್ಲಿದ್ದೇನೆ, ವರ್ಷದ ಮೇಲಾಯಿತು. ಇದು ಪರಿಚಯದ ಮೇಲೆ ಸಿಕ್ಕಿದ್ದು, ರೆಸ್ಯೂಮ್ ಯಾರೂ ಕೇಳಲಿಲ್ಲ. ಹಳೇ ರೆಸ್ಯೂಮ್‌ಗೇ ಈ ಕೆಲಸವನ್ನೂ ಸೇರಿಸಿ ಕಳಿಸುತ್ತಿದ್ದೇನೆ. ಲಿಂಕ್ಡ್‌ಇನ್ ಮುಟ್ಟಿಯೇ ಇಲ್ಲ. ಅಲ್ಲಿ ಇನ್ನೂ ಏಜೆನ್ಸಿಯಲ್ಲೇ ಇದ್ದೇನೆ. ಕಳೆದ ತಿಂಗಳು ಒಬ್ಬ ಎಚ್‌ಆರ್ "ಎರಡರಲ್ಲಿ ಯಾವುದು ನಿಜ ಮೇಡಂ?" ಅಂದರು. ತಡವರಿಸಿದೆ. ಆಮೇಲೆ ಫೋನೇ ಬರಲಿಲ್ಲ. ಮುಂದಿನ ವಾರ ಇನ್ನೊಂದು ಕಂಪನಿಯ ಇಂಟರ್‌ವ್ಯೂ ಇದೆ. ದೊಡ್ಡಪ್ಪನ ಮಗ ಲಿಂಕ್ಡ್‌ಇನ್ ಡಿಲೀಟ್ ಮಾಡಿಬಿಡು ಅಂತಾನೆ. ಮಾಡಲಾ?*

ಬೇಡ. ಇಂಟರ್‌ವ್ಯೂ ಗೊತ್ತಾದ ಮೇಲೆ ಪ್ರೊಫೈಲ್ ಮಾಯವಾದರೆ ಅದೇ ಒಂದು ಉತ್ತರವಾಗಿಬಿಡುತ್ತದೆ. ಲಿಂಕ್ಡ್‌ಇನ್ ಮೊದಲಿನಿಂದಲೂ ಇಲ್ಲದವರನ್ನು ಯಾರೂ ತಪ್ಪು ತಿಳಿಯುವುದಿಲ್ಲ. ನಿನ್ನೆ ಇದ್ದು ಇವತ್ತು ಇಲ್ಲದವರನ್ನು ತಿಳಿಯುತ್ತಾರೆ. ಅಲ್ಲದೆ ನೀವು ಅಳಿಸಲಾಗದ ಮೂರನೆಯ ದಾಖಲೆ ಒಂದಿದೆ, ನಿಮ್ಮ ಪಿಎಫ್. ಅದಕ್ಕೆ ಆಮೇಲೆ ಬರೋಣ.

ಆ ಎಚ್‌ಆರ್ ಕಂಡದ್ದೇನು, ಮೊದಲು ಅದನ್ನು ನೋಡಿ. ಒಂದು ಕಿಟಕಿಯಲ್ಲಿ ರೆಸ್ಯೂಮ್, ಪಕ್ಕದ ಕಿಟಕಿಯಲ್ಲಿ ಲಿಂಕ್ಡ್‌ಇನ್. ಅವರು ಸಾಲು ಸಾಲು ಓದುವುದಿಲ್ಲ. ಕಂಪನಿಯ ಹೆಸರು, ಸೇರಿದ ತಿಂಗಳು, ಬಿಟ್ಟ ತಿಂಗಳು, ಹುದ್ದೆ, ಇಷ್ಟರ ಮೇಲೆ ಕಣ್ಣಾಡಿಸಲು ಎರಡು ನಿಮಿಷ ಸಾಕು. ನಿಮ್ಮ ರೆಸ್ಯೂಮ್ 2021ರ ಜುಲೈನಿಂದ 2024ರ ಮೇವರೆಗೆ ದೊಡ್ಡ ಕಂಪನಿ ಎನ್ನುತ್ತದೆ, ಎರಡು ವರ್ಷ ಹನ್ನೊಂದು ತಿಂಗಳು. ಲಿಂಕ್ಡ್‌ಇನ್ ಅದೇ ಜುಲೈನಿಂದ ಇವತ್ತಿನವರೆಗೆ ಏಜೆನ್ಸಿ ಎನ್ನುತ್ತದೆ. 2024ರ ಜೂನ್‌ನಿಂದ ದಾವಣಗೆರೆ ಆಫೀಸೂ ರೆಸ್ಯೂಮ್‌ನಲ್ಲಿರುವುದರಿಂದ, ಈಕೆ ಏಕಕಾಲಕ್ಕೆ ಎರಡು ಕಡೆ ಸಂಬಳ ತೆಗೆದುಕೊಳ್ಳುತ್ತಿದ್ದಾಳೋ ಏನೋ ಎಂಬ ಅನುಮಾನವೂ ಸೇರಿತು. ನೀವು ಆಲಸ್ಯದಿಂದ ಬಿಟ್ಟ ಒಂದು `Present`, ಮೂನ್‌ಲೈಟಿಂಗ್ ಥರ ಕಂಡಿತು.

ಹೋಲಿಸಿ ನೋಡುವುದಕ್ಕೆ ಕಾರಣವಿದೆ. ರೆಸ್ಯೂಮ್ ಒಬ್ಬ ಓದುಗನಿಗಾಗಿ ಬರೆದದ್ದು, ಅದರಲ್ಲಿ ಏನು ಬರೆದರೂ ಹಳೇ ಮ್ಯಾನೇಜರ್ ಕಣ್ಣಿಗೆ ಬೀಳುವುದಿಲ್ಲ. ಲಿಂಕ್ಡ್‌ಇನ್ ಅನ್ನು ಜೊತೆಗೆ ಕೆಲಸ ಮಾಡಿದವರೆಲ್ಲ ನೋಡುತ್ತಾರೆ, ಹಾಗಾಗಿ ಅಲ್ಲಿ ಉಬ್ಬಿಸಿ ಬರೆಯಲು ಕೈ ಹಿಂಜರಿಯುತ್ತದೆ. ಎರಡೂ ಬೇರೆ ಹೇಳಿದರೆ ಎಚ್‌ಆರ್ ಸಾಮಾನ್ಯವಾಗಿ ರೆಸ್ಯೂಮ್ ಅನ್ನೇ ಅನುಮಾನಿಸುವುದು ಇದಕ್ಕೇ. ಇನ್ನೊಂದು, ದುಡ್ಡು ಕೊಟ್ಟರೆ ಎಕ್ಸ್‌ಪೀರಿಯನ್ಸ್ ಲೆಟರ್ ಬರೆದುಕೊಡುವ ನಕಲಿ ಅಂಗಡಿಗಳ ಕಾಟ ಐಟಿ ನೇಮಕಾತಿಯಲ್ಲಿ ಹಳೆಯದು. ಆಯ್ಕೆಯಾಗಿ, ನೋಟಿಸ್ ಪೀರಿಯಡ್ ಎಂದು ಎರಡು ಮೂರು ತಿಂಗಳು ಕಾದು, ಕೊನೆಗೆ ವೆರಿಫಿಕೇಷನ್‌ನಲ್ಲಿ ಅಭ್ಯರ್ಥಿ ಬಿದ್ದರೆ ರಿಕ್ರೂಟರ್ ಮತ್ತೆ ಮೊದಲಿನಿಂದ ಹುಡುಕಬೇಕು. ಎರಡು ನಿಮಿಷದ ಹೋಲಿಕೆ ಅವರಿಗೆ ಅಗ್ಗ.

ಎಲ್ಲ ವ್ಯತ್ಯಾಸವೂ ಒಂದೇ ತೂಕದ್ದಲ್ಲ. ಸೇರಿದ ತಿಂಗಳು ಒಂದರಲ್ಲಿ ಜೂನ್, ಇನ್ನೊಂದರಲ್ಲಿ ಜುಲೈ ಇದ್ದರೆ ಟ್ರೇನಿಂಗ್ ಲೆಕ್ಕ ಹಿಡಿದಿರಬಹುದು ಎಂದು ಬಿಡುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ಕೆಲಸದ ವಿವರ ಎರಡೇ ಸಾಲಿದ್ದರೂ ಯಾರೂ ಕೇಳುವುದಿಲ್ಲ. ಅನುಭವಿ ರಿಕ್ರೂಟರ್ ನೋಡುವುದು ವ್ಯತ್ಯಾಸ ಯಾರ ಕಡೆ ವಾಲಿದೆ ಎಂಬುದನ್ನು. ನಿಮ್ಮ ವಿಷಯದಲ್ಲಿ ಹೆಸರು ದೊಡ್ಡದಾಗಿದೆ, ಹುದ್ದೆ ಸೀನಿಯರ್ ಆಗಿದೆ, ಆರು ತಿಂಗಳು ಹೆಚ್ಚಾಗಿದೆ. ಮೂರೂ ನಿಮ್ಮ ಕಡೆಗೇ ವಾಲಿವೆ. ಇದನ್ನು ಅವರು ಕೈತಪ್ಪು ಎಂದು ಓದುವುದಿಲ್ಲ.

ಬೇಸರದ ಸಂಗತಿ ಎಂದರೆ ಆ ಆರು ತಿಂಗಳು ನಿಮಗೆ ಈಗ ಬೇಕಾಗಿಯೇ ಇಲ್ಲ. 2021ರ ಜುಲೈನಿಂದ 2023ರ ನವೆಂಬರ್‌ವರೆಗೆ 29 ತಿಂಗಳು. ದಾವಣಗೆರೆ ಆಫೀಸಿನ ಮೊದಲ ಏಳು ತಿಂಗಳು ಸೇರಿಸಿದರೆ 36. ಅಂದರೆ 2024ರ ಡಿಸೆಂಬರ್‌ಗೇ ನಿಮ್ಮ ಮೂರು ವರ್ಷ ನಿಜವಾಗಿಯೇ ತುಂಬಿದೆ.

ಈಗ ದೊಡ್ಡ ಕಂಪನಿಯ ಹೆಸರಿನ ಮಾತು. ನಿಮ್ಮ ಹಾಗೆ ಏಜೆನ್ಸಿ ಪೇರೋಲ್‌ನಲ್ಲಿದ್ದು ಕ್ಲೈಂಟ್ ಜಾಗದಲ್ಲಿ ದುಡಿದವರು ಎಡವುವುದೇ ಇಲ್ಲಿ, ಬಹಳ ಜನ ಇದನ್ನು ಸುಳ್ಳು ಎಂದುಕೊಳ್ಳುವುದೂ ಇಲ್ಲ. ದಿನಾ ಅದೇ ಗೇಟಿನಲ್ಲಿ ಒಳಗೆ ಹೋಗಿದ್ದೀರಿ, ಕೊರಳಲ್ಲಿ ಅವರದೇ ಕಾರ್ಡ್ ಇತ್ತು. ಆದರೆ ವೆರಿಫಿಕೇಷನ್ ಸಂಸ್ಥೆ ಆ ದೊಡ್ಡ ಕಂಪನಿಯ ಎಚ್‌ಆರ್‌ಗೆ ಮೇಲ್ ಹಾಕಿದಾಗ, ಈ ಹೆಸರಿನ ಉದ್ಯೋಗಿ ನಮ್ಮಲ್ಲಿಲ್ಲ ಎಂಬ ಉತ್ತರ ಬರುತ್ತದೆ. ಅವರ ಪಟ್ಟಿಯಲ್ಲಿ ನೀವು ಇರಲೇ ಇಲ್ಲ. ದುಡಿದದ್ದು ನಿಜವಾದರೂ ಕಾಗದದ ಮೇಲೆ ಅದು ನಕಲಿ ಅನುಭವದ ಹಾಗೆಯೇ ಕಾಣುತ್ತದೆ.

ಬರೆಯುವ ಸರಿಯಾದ ರೀತಿ ಹೀಗೆ: ಉದ್ಯೋಗದಾತರ ಜಾಗದಲ್ಲಿ ಏಜೆನ್ಸಿಯ ಹೆಸರು, ಆಫರ್ ಲೆಟರ್‌ನಲ್ಲಿ ಇರುವಂತೆಯೇ. ಅದರ ಕೆಳಗೆ "ಕ್ಲೈಂಟ್:" ಎಂದು ದೊಡ್ಡ ಕಂಪನಿಯ ಹೆಸರು. ಕ್ಲೈಂಟ್ ಹೆಸರು ಹೇಳಬಾರದು ಎಂಬ ಷರತ್ತಿಗೆ ಸಹಿ ಹಾಕಿದ್ದರೆ "ಒಂದು ಖಾಸಗಿ ಬ್ಯಾಂಕ್" ಎಂಬಂತೆ ಬರೆದರಾಯಿತು. ಲಿಂಕ್ಡ್‌ಇನ್‌ನಲ್ಲೂ ಕಂಪನಿ ಏಜೆನ್ಸಿಯೇ ಇರಲಿ, `Employment type` ಎಂಬಲ್ಲಿ ಲೆಟರ್‌ನಲ್ಲಿ ಇರುವುದನ್ನು ಆರಿಸಿ, ಕ್ಲೈಂಟ್ ವಿವರ `Description`ಗೆ ಹೋಗಲಿ. ಇದರಿಂದ ದೊಡ್ಡ ಹೆಸರು ಕೈತಪ್ಪುವುದಿಲ್ಲ. ಓದುವವರು ಅದನ್ನು ನೋಡೇ ನೋಡುತ್ತಾರೆ.

ಹೀಗೇ ಮುಂದುವರಿದರೆ ಏನಾಗುತ್ತದೆ? ಮೊದಲ ಹಂತದಲ್ಲಿ ಕರೆಯೇ ಬರುವುದಿಲ್ಲ, ಕಾರಣವೂ ತಿಳಿಯುವುದಿಲ್ಲ. ಅದು ಕಡಿಮೆ ನಷ್ಟ. ಆಫರ್ ಬಂದ ಮೇಲೆ ಅವರು ಕೊಡುವ ವೆರಿಫಿಕೇಷನ್ ಫಾರ್ಮ್‌ನಲ್ಲಿ ದಿನಾಂಕ ತುಂಬಿ ಸಹಿ ಹಾಕಬೇಕು. ಬಹಳ ಕಡೆ ಯುಎಎನ್ ನಂಬರ್ ಅಥವಾ ಪಿಎಫ್ ಸರ್ವಿಸ್ ಹಿಸ್ಟರಿಯನ್ನೂ ಕೇಳುತ್ತಾರೆ. ಅಲ್ಲಿ ಏಜೆನ್ಸಿಯ ಹೆಸರು, ಸೇರಿದ ದಿನ, ಬಿಟ್ಟ ದಿನ ಮೂರೂ ಇರುತ್ತವೆ. ವರದಿ ಹಸಿರು, ಹಳದಿ, ಕೆಂಪು ಎಂದು ಬಣ್ಣದಲ್ಲಿ ಬರುವುದು ರೂಢಿ. ಉದ್ಯೋಗದಾತರೇ ಬೇರೆ, ಆರು ತಿಂಗಳು ಹೆಚ್ಚು ಎಂದರೆ ಕೆಂಪು. ಆ ಹೊತ್ತಿಗೆ ನೀವು ಈ ಆಫೀಸಿಗೆ ರಾಜೀನಾಮೆ ಕೊಟ್ಟಿರುತ್ತೀರಿ. ಆಫರ್ ವಾಪಸಾದರೆ ಎರಡೂ ಇಲ್ಲ. ಸೇರಿದ ಮೇಲೆ ಗೊತ್ತಾದರೂ ತಪ್ಪು ಮಾಹಿತಿ ಕೊಟ್ಟರೆ ತೆಗೆಯಬಹುದು ಎಂಬ ಷರತ್ತು ನೇಮಕಾತಿ ಪತ್ರದಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಈ ವಾರಾಂತ್ಯ ಒಂದು ಮಧ್ಯಾಹ್ನ ಕೂತರೆ ಇದೆಲ್ಲ ಸರಿಯಾಗುತ್ತದೆ. ರೆಸ್ಯೂಮ್ ನೋಡಿ ಲಿಂಕ್ಡ್‌ಇನ್ ತಿದ್ದಬೇಡಿ, ಲಿಂಕ್ಡ್‌ಇನ್ ನೋಡಿ ರೆಸ್ಯೂಮ್ ತಿದ್ದಬೇಡಿ, ಎರಡೂ ತಪ್ಪಿವೆ. ಏಜೆನ್ಸಿಯ ಆಫರ್ ಲೆಟರ್, ರಿಲೀವಿಂಗ್ ಲೆಟರ್, ಕೊನೆಯ ಮೂರು ಪೇ ಸ್ಲಿಪ್, ಈಗಿನ ಆಫೀಸಿನ ನೇಮಕಾತಿ ಪತ್ರ ತೆಗೆದಿಟ್ಟುಕೊಳ್ಳಿ. ಪಿಎಫ್‌ನ ಯುಎಎನ್ ಪೋರ್ಟಲ್‌ಗೆ ಲಾಗಿನ್ ಆಗಿ `View` ಒಳಗೆ `Service History` ತೆರೆಯಿರಿ. ಒಂದು ಹಾಳೆಯಲ್ಲಿ ಉದ್ಯೋಗದಾತರ ಹೆಸರು, ಹುದ್ದೆ, ಸೇರಿದ ದಿನ, ಬಿಟ್ಟ ದಿನ ಎಂದು ನಾಲ್ಕು ಕಲಂ ಹಾಕಿ ಆ ಕಾಗದಗಳಿಂದಲೇ ತುಂಬಿ. ಎಲ್ಲ ಕಡೆಗೂ ಈ ಹಾಳೆಯಿಂದಲೇ ನಕಲು ಮಾಡಬೇಕು.

ಸರ್ವಿಸ್ ಹಿಸ್ಟರಿಯಲ್ಲಿ ಏಜೆನ್ಸಿಯ ಎದುರು ಬಿಟ್ಟ ದಿನಾಂಕ ಇದೆಯೇ ಎಂದು ವಿಶೇಷವಾಗಿ ನೋಡಿ. ಏಜೆನ್ಸಿಗಳು ಇದನ್ನು ಹಾಕದೆ ಬಿಡುವುದುಂಟು. ಖಾಲಿ ಇದ್ದರೆ ಅಲ್ಲಿಯೂ ನೀವು ಇನ್ನೂ ಕೆಲಸದಲ್ಲಿರುವಂತೆ ಕಾಣುತ್ತದೆ. ಕೊನೆಯ ವಂತಿಗೆ ಕಟ್ಟಿ ಎರಡು ತಿಂಗಳು ಕಳೆದಿದ್ದರೆ `Manage` ಒಳಗಿನ `Mark Exit`ನಲ್ಲಿ ನೀವೇ ಹಾಕಬಹುದು, ಆಧಾರ್‌ಗೆ ಜೋಡಿಸಿದ ಮೊಬೈಲ್ ಕೈಯಲ್ಲಿರಲಿ. ಕೊನೆಯ ವಂತಿಗೆ ಬಿದ್ದ ತಿಂಗಳಿನೊಳಗಿನ ದಿನಾಂಕವನ್ನೇ ಅದು ಒಪ್ಪುವುದು. ಈಗಿನ ಆಫೀಸಿನ ಹೆಸರು ಅಲ್ಲಿ ಇಲ್ಲದಿದ್ದರೆ ಗಾಬರಿ ಬೇಡ; 20 ಜನರಿಗಿಂತ ಕಡಿಮೆ ಇರುವ ಕಡೆ ಪಿಎಫ್ ಸಾಮಾನ್ಯವಾಗಿ ಕಡ್ಡಾಯವಲ್ಲ. ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಳ್ಳಿ. ಕೈಗೆ ನಗದು ಕೊಡುತ್ತಿದ್ದರೆ ಇವತ್ತಿನಿಂದಲೇ ಖಾತೆಗೆ ಹಾಕಿ ಎಂದು ಕೇಳಿ.

ಹುದ್ದೆ ಲೆಟರ್‌ನಲ್ಲಿ ಟೆಸ್ಟ್ ಎಂಜಿನಿಯರ್ ಎಂದಿದ್ದರೆ ಟೆಸ್ಟ್ ಎಂಜಿನಿಯರ್. ಹೊಸಬರಿಗೆ ಕೆಲಸ ಹೇಳಿಕೊಟ್ಟಿದ್ದರೆ ಅದನ್ನು ಕೆಳಗೆ ಒಂದು ಸಾಲಿನಲ್ಲಿ ಬರೆಯಿರಿ, ಸೀನಿಯರ್ ಎಂಬ ಪದಕ್ಕಿಂತ ಅದೇ ಹೆಚ್ಚು ಹೇಳುತ್ತದೆ.

ಗ್ಯಾಪ್‌ಗೆ ರೆಸ್ಯೂಮ್‌ನಲ್ಲಿ ಒಂದೇ ಸಾಲು: "2023 ಡಿಸೆಂಬರ್ – 2024 ಮೇ: ಕುಟುಂಬದವರ ಆರೈಕೆ." ಅಮ್ಮನ ಕಾಯಿಲೆ ಏನೆಂದು ಯಾರಿಗೂ ಹೇಳಬೇಕಿಲ್ಲ. ಲಿಂಕ್ಡ್‌ಇನ್‌ನಲ್ಲಿ ಇದಕ್ಕೆಂದೇ `Add career break` ಎಂಬ ಆಯ್ಕೆಯಿದೆ, ಅದರೊಳಗೆ `Caregiving`. ಏಜೆನ್ಸಿ ಕೆಲಸಕ್ಕೆ ಕೊನೆಯ ತಿಂಗಳು ಹಾಕಿ, ದಾವಣಗೆರೆ ಕೆಲಸ ಸೇರಿಸಿ. ತಿದ್ದುವ ಮೊದಲು `Notify network` ಆಫ್ ಮಾಡಿಕೊಳ್ಳಿ. ಇಲ್ಲದಿದ್ದರೆ ವರ್ಷ ಕಳೆದ ಕೆಲಸಕ್ಕೆ ಹಳೇ ಸಹೋದ್ಯೋಗಿಗಳಿಂದ ಅಭಿನಂದನೆ ಬರಲು ಶುರುವಾಗುತ್ತದೆ, ಈಗಿನ ಆಫೀಸಿನವರು ಯಾಕಪ್ಪಾ ಈಗ ಎಂದು ಹುಬ್ಬೇರಿಸುತ್ತಾರೆ. ನೌಕ್ರಿಯಲ್ಲಿ ಪ್ರೊಫೈಲ್ ಇದ್ದರೆ ಅಲ್ಲಿಯ ಒಟ್ಟು ಅನುಭವದ ಅಂಕಿಯನ್ನೂ ಬದಲಿಸಿ, ಹಳೇ ರೆಸ್ಯೂಮ್ ಫೈಲ್ ತೆಗೆದು ಹೊಸದು ಹಾಕಿ.

ಮುಂದಿನ ವಾರದ ಕಂಪನಿಯ ಬಳಿ ಹಳೇ ರೆಸ್ಯೂಮ್ ಈಗಾಗಲೇ ಇದೆ, ಅವರ ಸಾಫ್ಟ್‌ವೇರ್‌ನಲ್ಲಿ ಉಳಿದೂ ಇರುತ್ತದೆ. ಸುಮ್ಮನೆ ಹೊಸದನ್ನು ತೆಗೆದುಕೊಂಡು ಹೋಗಬೇಡಿ. ಸೋಮವಾರವೇ ಮೇಲ್ ಮಾಡಿ: ಹಿಂದೆ ಕಳಿಸಿದ ರೆಸ್ಯೂಮ್‌ನಲ್ಲಿ ಉದ್ಯೋಗದಾತರ ಹೆಸರು, ಹುದ್ದೆ ಮತ್ತು ಬಿಟ್ಟ ತಿಂಗಳು ತಪ್ಪಾಗಿದ್ದವು, ದಾಖಲೆಗಳಿಗೆ ಹೊಂದುವ ಸರಿಯಾದ ಪ್ರತಿ ಲಗತ್ತಿಸಿದ್ದೇನೆ, ಇದನ್ನೇ ಪರಿಗಣಿಸಿ. ಇಷ್ಟು ಸಾಕು, ಕ್ಷಮೆಯ ಪುರಾಣ ಬೇಡ. ಕೆಲವರು ಇದನ್ನು ನೋಡಿಯೇ ಇಂಟರ್‌ವ್ಯೂ ರದ್ದು ಮಾಡಬಹುದು. ಆಫರ್ ಕೈಗೆ ಬಂದ ಮೇಲೆ ಬೀಳುವುದಕ್ಕಿಂತ ಅದು ಎಷ್ಟೋ ವಾಸಿ.

ಫೋನಿನಲ್ಲೋ ಎದುರಿಗೋ ಕೇಳಿದರೆ ತಡವರಿಸದೆ ಹೇಳಿ: "ನಾನು ಏಜೆನ್ಸಿ ಪೇರೋಲ್‌ನಲ್ಲಿದ್ದೆ ಸರ್, ಕ್ಲೈಂಟ್ ಕಂಪನಿಯಲ್ಲಿ ಕೆಲಸ. 2023ರ ನವೆಂಬರ್‌ಗೆ ಬಿಟ್ಟೆ, ಆರು ತಿಂಗಳು ಮನೇಲಿದ್ದೆ. ಮೊದಲು ಕಳಿಸಿದ್ದರಲ್ಲಿ ಅದನ್ನು ಮುಚ್ಚಿ ಬರೆದಿದ್ದೆ, ತಪ್ಪು ನಂದೇ. ಈಗ ಕಳಿಸಿರೋದು ಪಿಎಫ್‌ಗೆ ಸರಿಯಾಗಿ ಹೊಂದುತ್ತೆ." ಗೆಳತಿಯ ಹೆಸರು ತೆಗೆಯಬೇಡಿ. ಏಜೆನ್ಸಿಯ ರಿಲೀವಿಂಗ್ ಲೆಟರ್ ನಿಮ್ಮ ಬಳಿ ಇಲ್ಲದಿದ್ದರೆ ಅದನ್ನು ಕೇಳಿ ಇವತ್ತೇ ಅವರಿಗೂ ಒಂದು ಮೇಲ್ ಹಾಕಿ, ಅದು ಬರುವುದು ನಿಧಾನ.