ನಿಘಂಟಿಗಿಂತ ಮೊದಲು ವ್ಯಾಕರಣ

ಹೊಸದಾಗಿ ಬರೆಯುವವರು ಯಾವ ನಿಘಂಟು ಕೊಳ್ಳಬೇಕು ಎಂದು ಕೇಳಿದ್ದೀರಿ. ಮೊದಲು ವ್ಯಾಕರಣ ಕೊಳ್ಳಿ. ಅದಿಲ್ಲದೆ ನಿಘಂಟಿನಲ್ಲಿ ಪದವೇ ಕೈಗೆ ಸಿಗುವುದಿಲ್ಲ. ‘ಬಿದ್ದ’ ಎಂದು ಹುಡುಕಿದರೆ ಪ್ರಯೋಜನವಿಲ್ಲ, ‘ಬೀಳು’ ನೋಡಬೇಕು. ‘ಕದ್ದ’ ಇರುವುದು ‘ಕದಿ’ಯಲ್ಲಿ. ‘ಬೆಟ್ಟದಾವರೆ’ಯಿಂದ ‘ತಾವರೆ’ಗೆ ಹೋಗಲು ತಕಾರ ದಕಾರವಾಗುವ ಆದೇಶ ಸಂಧಿ ಗೊತ್ತಿರಬೇಕು. ಇಷ್ಟಕ್ಕೆ ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ ಸಾಕು. ಶಬ್ದಮಣಿದರ್ಪಣ ಹಳಗನ್ನಡಕ್ಕೆ ಬರೆದದ್ದು, ಅದಕ್ಕೀಗ ಆತುರವಿಲ್ಲ.

ಇನ್ನು ನಿಘಂಟು. ಅಂಗಡಿಯಲ್ಲೇ ನಿಂತು ‘ಅವಸರ’ ಎಂಬ ಒಂದು ಪದ ತೆಗೆದು ನೋಡಿ. ಮೊಳಕಾಲ್ಮೂರು, ಚಳ್ಳಕೆರೆ ಕಡೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಇರುವವರು ಬಹಳ. ತೆಲುಗಿನಲ್ಲಿ ‘ಅವಸರಂ ಲೇದು’ ಎಂದರೆ ‘ಬೇಕಾಗಿಲ್ಲ’ ಎಂದರ್ಥ. ಅದೇ ಗುಂಗಿನಲ್ಲಿ ‘ಈ ಔಷಧಿಯ ಅವಸರವಿಲ್ಲ’ ಎಂದು ಬರೆದರೆ, ಶಿವಮೊಗ್ಗದ ಓದುಗರು ‘ನಿಧಾನಕ್ಕೆ ತಗೊಂಡರಾಯಿತು’ ಎಂದುಕೊಳ್ಳುತ್ತಾರೆ. ಸಂಸ್ಕೃತದ ಮೂಲಾರ್ಥ ಇವೆರಡೂ ಅಲ್ಲ: ಸಂದರ್ಭ, ಸಮಯ. ಒಳ್ಳೆಯ ನಿಘಂಟು ಅರ್ಥಗಳಿಗೆ ಸಂಖ್ಯೆ ಹಾಕಿ ಬೇರೆ ಮಾಡುತ್ತದೆ, ಪದ ಯಾವ ಭಾಷೆಯದು ಎಂದು ಹೇಳುತ್ತದೆ, ಸಾಧ್ಯವಾದರೆ ಪ್ರಯೋಗವನ್ನೂ ಕೊಡುತ್ತದೆ. ‘ಅವಸರ: ತ್ವರೆ’ ಎಂದಷ್ಟೇ ಇದ್ದರೆ ಅದು ಶಾಲೆಯ ಮಕ್ಕಳಿಗೆ ಸರಿ, ಬರೆಯುವವರಿಗೆ ಸಾಲದು.

ಮನೆಯಲ್ಲಿಡಲು ಕನ್ನಡ ಸಾಹಿತ್ಯ ಪರಿಷತ್ತಿನ ಸಂಕ್ಷಿಪ್ತ ನಿಘಂಟು ಒಳ್ಳೆಯದು. ಅದರದೇ 8 ಸಂಪುಟಗಳ ದೊಡ್ಡ ನಿಘಂಟನ್ನು ಗ್ರಂಥಾಲಯದಲ್ಲಿ ನೋಡಿ. ಶಾಸನ, ಕಾವ್ಯಗಳ ಪ್ರಯೋಗಗಳು ಅಲ್ಲಿವೆ. ತೆಲುಗು, ತಮಿಳಿನ ನಂಟು ತಿಳಿಯಬೇಕಾದರೆ 1894ರ ಕಿಟೆಲ್ ನಿಘಂಟು ಈಗಲೂ ಕೆಲಸಕ್ಕೆ ಬರುತ್ತದೆ. ಆದರೆ ಅದರ ಅರ್ಥವಿವರಣೆ ಇಂಗ್ಲಿಷಿನಲ್ಲಿದೆ, ಇಂದಿನ ಬಳಕೆ ಅದರಲ್ಲಿ ಹೇಗೆ ಸಿಕ್ಕೀತು! ಪುಟ ತಿರುವುವಾಗ ಹೊಸಬರು ಎಡವುವ ಒಂದು ಜಾಗ: ‘ಕ್ಷ’ದ ಪದಗಳನ್ನು ‘ಳ’ ಆದಮೇಲೆ ಹುಡುಕಬೇಡಿ, ಅವು ಕಕಾರದ ಕೊನೆಯಲ್ಲಿರುತ್ತವೆ.

ಸಮಾನಾರ್ಥಕ ಪದಕೋಶವನ್ನು ಕಡೆಗೆ ಕೊಂಡರೂ ನಡೆಯುತ್ತದೆ. ‘ನೀರು’ ತೆಗೆದರೆ ಜಲ, ಉದಕ, ಸಲಿಲ, ತೋಯ ಎಂದು ಸಾಲು ಬರುತ್ತದೆ, ಎಲ್ಲವೂ ಸಂಸ್ಕೃತ. ‘ಬೋರಿನಲ್ಲಿ ಸಲಿಲ ಬತ್ತಿದೆ’ ಎಂದರೆ ಹಿರಿಯೂರಿನ ರೈತ ನಕ್ಕಾನು. ಊರಿಂದೂರಿಗೆ ಬದಲಾಗುವ ಪದಗಳಿಗಂತೂ ಅದು ಕುರುಡು. ದಾವಣಗೆರೆಯ ಮಂಡಕ್ಕಿ ಬೆಂಗಳೂರಿಗೆ ಹೋದರೆ ಪುರಿ, ಧಾರವಾಡದ ಕಡೆ ಚುರುಮುರಿ. ಬೆಂಗಳೂರಿನಲ್ಲಿ ಚುರುಮುರಿ ಕೇಳಿದರೆ ಈರುಳ್ಳಿ, ಖಾರ ಕಲಸಿ ಕೊಡುತ್ತಾರೆ. ಪದಕೋಶ ಮರೆತ ಪದವನ್ನು ನೆನಪಿಗೆ ತರುತ್ತದೆ, ಅಷ್ಟೆ. ಅದರಿಂದ ಎತ್ತಿಕೊಂಡ ಪದವನ್ನು ಒಮ್ಮೆ ನಿಘಂಟಿನ ಪ್ರಯೋಗಕ್ಕೆ ಹೋಲಿಸಿ ನೋಡಿ, ಆಮೇಲೆ ವಾಕ್ಯಕ್ಕೆ ಹಾಕಿ.